ತೇಪೆ ಕೆಳಗೆ, ಗಾಜು ಮೇಲೆ: ಮುಖದ ರೀಟಚ್ ಮತ್ತೆ ತಿದ್ದಲು ಬರುವಂತೆ ಇಡುವುದು

ಪ್ರಶ್ನೆ: ಹಾಸನದ ಹತ್ತಿರ ಒಂದು ಸಣ್ಣ ಸ್ಟುಡಿಯೊ ನಡೆಸುತ್ತೇನೆ. ಮದುವೆ ಆಲ್ಬಮ್‌ಗೆ ವಧುವಿನ ದೊಡ್ಡ ಚಿತ್ರಗಳನ್ನು ಫೋಟೊಶಾಪ್‌ನಲ್ಲಿ ತಿದ್ದುತ್ತೇನೆ. ಪ್ರೂಫ್ ನೋಡಿದ ಮೇಲೆ ಮನೆಯವರು ‘ಮಚ್ಚೆ ಯಾಕೆ ತೆಗೆದಿರಿ’, ‘ಇಷ್ಟು ಬೆಳ್ಳಗೆ ಬೇಡ’ ಎನ್ನುತ್ತಾರೆ. ಲೇಯರ್ ಬಳಸುತ್ತೇನೆ, ಪಿಎಸ್‌ಡಿ ಕಡತವನ್ನೂ ಇಟ್ಟುಕೊಳ್ಳುತ್ತೇನೆ. ಆದರೂ ಕೆಳಗಿನ ಒಂದು ಲೇಯರ್ ಬದಲಿಸಿದರೆ ಮೇಲಿನದು ಕೆಟ್ಟುಹೋಗಿ, ಕೊನೆಗೆ ಮೊದಲಿನಿಂದಲೇ ಮಾಡಬೇಕಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ತಪ್ಪು ಇರುವುದು ಲೇಯರ್‌ಗಳ ಸಂಖ್ಯೆಯಲ್ಲಲ್ಲ, ಅವುಗಳ ಸರದಿಯಲ್ಲಿ. ಫೋಟೊಶಾಪ್ ಎಲ್ಲ ಲೇಯರ್‌ಗಳನ್ನೂ ಒಂದೇ ಪಟ್ಟಿಯಲ್ಲಿ ತೋರಿಸುವುದರಿಂದ ಅವೆಲ್ಲ ಒಂದೇ ಜಾತಿಯವು ಎಂದು ನಾವು ನಂಬಿಬಿಡುತ್ತೇವೆ. ನಿಜವಾಗಿ ಅವುಗಳಲ್ಲಿ ಎರಡು ಬಗೆ.

ಒಂದು ಬಗೆಯ ಲೇಯರ್‌ನಲ್ಲಿ ಚಿತ್ರದ ತುಣುಕುಗಳೇ ಇರುತ್ತವೆ. ಹೀಲಿಂಗ್ ಬ್ರಷ್ ಅಥವಾ ಕ್ಲೋನ್ ಸ್ಟಾಂಪ್‌ನಿಂದ ಮೊಡವೆ ಮುಚ್ಚಿದಾಗ ಆಗುವುದು ಇದೇ: ಪಕ್ಕದ ಚರ್ಮದಿಂದ ಒಂದು ಚೂರು ತಂದು ಅಂಟಿಸಿದಂತೆ. ಇದನ್ನು ತೇಪೆ ಎನ್ನೋಣ. ಇನ್ನೊಂದು ಬಗೆಯಲ್ಲಿ ಚಿತ್ರವೇ ಇರುವುದಿಲ್ಲ. `Curves`, `Hue/Saturation` ಮುಂತಾದ ಅಡ್ಜಸ್ಟ್‌ಮೆಂಟ್ ಲೇಯರ್‌ಗಳು ‘ನನ್ನ ಕೆಳಗೆ ಏನಿದೆಯೋ ಅದನ್ನು ಇಷ್ಟು ಬೆಳಗಿಸು, ಇಷ್ಟು ಹಳದಿ ಕಡಿಮೆ ಮಾಡು’ ಎಂಬ ಸೂಚನೆಯನ್ನು ಮಾತ್ರ ಹೊತ್ತಿರುತ್ತವೆ. ಇದು ಬಣ್ಣದ ಗಾಜಿನ ಹಾಗೆ.

ಬಟ್ಟೆಗೆ ತೇಪೆ ಹಾಕಿದ ಮೇಲೆ ಬಟ್ಟೆಗೆ ಮಾತ್ರ ಹೊಸ ಬಣ್ಣ ಹಾಕಿದರೆ ಏನಾಗುತ್ತದೆ? ತೇಪೆ ಹಳೆಯ ಬಣ್ಣದಲ್ಲೇ ಉಳಿದು ಎದ್ದು ಕಾಣುತ್ತದೆ. ಬದಲಿಗೆ ಬಟ್ಟೆ, ತೇಪೆ ಎರಡರ ಮೇಲೂ ಬಣ್ಣದ ಗಾಜು ಇಟ್ಟು ನೋಡಿದರೆ ಎರಡೂ ಒಟ್ಟಿಗೆ ಬದಲಾಗುತ್ತವೆ. ಗಾಜು ತೆಗೆದರೆ ಎರಡೂ ಮೊದಲಿನಂತೆ. ನಿಮ್ಮ ಕಡತ ಕೆಡುವುದು ತೇಪೆಯ ಕೆಳಗಿರುವುದನ್ನು ಬದಲಿಸಿದಾಗ. ಹಾಗಾಗಿ ತೇಪೆಗಳೆಲ್ಲ ಕೆಳಗೆ, ಮೂಲ ಚಿತ್ರಕ್ಕೆ ತಾಗಿಕೊಂಡೇ ಇರಬೇಕು. ಗಾಜುಗಳೆಲ್ಲ ಮೇಲೆ. ಆಮೇಲೆ ಬರುವ ಯಾವ ಬದಲಾವಣೆಯೂ ತೇಪೆಗಿಂತ ಕೆಳಗೆ ಹೋಗಬಾರದು.

ಒಂದು ಚಿತ್ರವನ್ನೇ ಹಿಡಿದು ಹೇಳುತ್ತೇನೆ. ಛತ್ರದ ಕೋಣೆಯಲ್ಲಿ ಕಿಟಕಿಯ ಬೆಳಕಿಗೆ ತೆಗೆದ ವಧುವಿನ ಮುಖ. ಹಿಂದಿನ ದಿನದ ಅರಿಶಿನ ಶಾಸ್ತ್ರದ ಹಳದಿ ಕೆನ್ನೆಯ ಅಂಚಿನಲ್ಲಿ, ಕಿವಿಯ ಬಳಿ, ಕತ್ತಿನಲ್ಲಿ ಇನ್ನೂ ಉಳಿದಿದೆ. ಕೆಂಪು ಧಾರೆ ಸೀರೆಯ ಬಣ್ಣ ಗದ್ದದ ಕೆಳಭಾಗಕ್ಕೆ ಪ್ರತಿಫಲಿಸಿದೆ. ಹಣೆಯಲ್ಲಿ ನಾಲ್ಕಾರು ಮೊಡವೆ, ನಿದ್ದೆಗೆಟ್ಟು ಕಣ್ಣಿನ ಕೆಳಗೆ ಕಪ್ಪು, ತುಟಿಯ ಕೆಳಗೆ ಬಲಕ್ಕೆ ಒಂದು ಮಚ್ಚೆ. ಕ್ಯಾಮೆರಾ 24 ಮೆಗಾಪಿಕ್ಸೆಲ್‌ನದು, ಚಿತ್ರ ರಾ ಕಡತದಲ್ಲಿದೆ.

ಮೊದಲು ರಾ ಕಡತವನ್ನು ತೆರೆಯುವ ಬಗೆ. ಕ್ಯಾಮೆರಾ ರಾ ಕಿಟಕಿಯ ಕೆಳಗೆ ಬಣ್ಣದ ವ್ಯಾಪ್ತಿ ಮತ್ತು ಬಿಟ್ ತೋರಿಸುವ ಒಂದು ಸಾಲಿದೆ. ಅದನ್ನು ಒತ್ತಿದರೆ `Open in Photoshop as Smart Objects` ಎಂಬ ಆಯ್ಕೆ ಸಿಗುತ್ತದೆ. ಅದಕ್ಕೆ ಗುರುತು ಹಾಕಿ, 16 ಬಿಟ್ ಆರಿಸಿ. ಹೀಗೆ ತೆರೆದ ಚಿತ್ರ ಸ್ಮಾರ್ಟ್ ಆಬ್ಜೆಕ್ಟ್ ಆಗಿ ಬರುತ್ತದೆ, ಅಂದರೆ ರಾ ಕಡತವೇ ಪಿಎಸ್‌ಡಿಯ ಹೊಟ್ಟೆಯೊಳಗೆ ಕೂರುತ್ತದೆ. ಇದರಲ್ಲಿ ಒಂದು ರಕ್ಷಣೆಯೂ ಇದೆ. ಸ್ಮಾರ್ಟ್ ಆಬ್ಜೆಕ್ಟ್ ಮೇಲೆ ಬ್ರಷ್ ನೇರವಾಗಿ ಓಡುವುದಿಲ್ಲ. ಅವಸರದಲ್ಲಿ ಮೂಲ ಚಿತ್ರದ ಮೇಲೆಯೇ ಮೊಡವೆ ಒರೆಸಲು ಹೋದರೂ ಫೋಟೊಶಾಪ್ ಬಿಡುವುದಿಲ್ಲ.

ಸ್ಮಾರ್ಟ್ ಆಬ್ಜೆಕ್ಟ್ ಮೇಲೆ ಎರಡು ಬಾರಿ ಒತ್ತಿದರೆ ಕ್ಯಾಮೆರಾ ರಾ ಮತ್ತೆ ತೆರೆಯುತ್ತದೆ. ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಎಲ್ಲವನ್ನೂ ಬದಲಿಸಬಹುದು. ಅನೇಕರು ಇಲ್ಲಿಯೇ ಮೋಸಹೋಗುತ್ತಾರೆ, ನಾನೂ ಹೋಗಿದ್ದೆ. ಹಲವು ವರ್ಷಗಳ ಹಿಂದೆ ಒಬ್ಬ ವಧುವಿನ ಚಿತ್ರ ಪೂರ್ತಿ ತಿದ್ದಿ ಮುಗಿಸಿದ ಮೇಲೆ ‘ಸ್ವಲ್ಪ ಬೆಳ್ಳಗಾಗಿದೆ’ ಎಂದು ಮನೆಯವರು ಹೇಳಿದರು. ರಾ ತೆರೆದು ಎಕ್ಸ್‌ಪೋಶರ್ ಇಳಿಸಿ, ಪರದೆಯ ಮೇಲೆ ಇಡೀ ಚಿತ್ರವನ್ನು ಚಿಕ್ಕದಾಗಿ ನೋಡಿ ಮುದ್ರಣಕ್ಕೆ ಕಳುಹಿಸಿಬಿಟ್ಟೆ. 12×18 ಅಂಗುಲದ ಪ್ರಿಂಟ್ ಬಂದಾಗ ಹಣೆಯ ತುಂಬ ಮಸುಕು ಬಿಳಿ ಚುಕ್ಕೆಗಳು, ಚರ್ಮದ ಕಾಯಿಲೆಯಂತೆ. ಮೊಡವೆ ಮುಚ್ಚಿದ ಒಂದೊಂದು ಜಾಗದಲ್ಲೂ ಹಳೆಯ ಬೆಳಕಿನ ತೇಪೆ ಉಳಿದಿತ್ತು. ಆ ಹುಡುಗಿಯ ತಾಯಿಯ ಮುಖ ನೋಡಿ ನನಗಾದ ಸಂಕಟವನ್ನು ಇನ್ನೂ ಮರೆತಿಲ್ಲ.

ಆದ್ದರಿಂದ ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್, ನೆರಳಿನ ಎತ್ತರ ಇವುಗಳನ್ನು ಮೊದಲ ತೇಪೆ ಹಾಕುವ ಮುನ್ನವೇ ತೀರ್ಮಾನಿಸಿ. ರಾದಲ್ಲಿ ಚಿತ್ರವನ್ನು ಕಣ್ಣಿಗೆ ಹಬ್ಬವಾಗುವಂತೆ ಮಾಡಬೇಕಿಲ್ಲ. ಬೆಳಕಿನ ಭಾಗ ಸುಡದಂತೆ, ಕೂದಲಿನ ಕಪ್ಪು ಮುಚ್ಚಿಹೋಗದಂತೆ, ಸ್ವಲ್ಪ ಸಪ್ಪೆಯಾಗಿಯೇ ಬಿಡಿ. ಮೆರುಗನ್ನು ಮೇಲಿನ ಗಾಜುಗಳಿಂದ ಕೊಡೋಣ. ತೇಪೆ ಶುರುವಾದ ಮೇಲೆ ರಾ ತೆರೆಯುವಂತಿಲ್ಲ ಎಂದು ನಿಮಗೆ ನೀವೇ ನಿಯಮ ಹಾಕಿಕೊಳ್ಳಿ.

ಇನ್ನು ತೇಪೆಗಳು. ಹಿನ್ನೆಲೆ ಚಿತ್ರವನ್ನು `Ctrl + J` ಒತ್ತಿ ನಕಲು ಮಾಡಿ ಅದರ ಮೇಲೆ ತಿದ್ದುವ ಅಭ್ಯಾಸ ನಿಮಗಿದ್ದರೆ ಬಿಟ್ಟುಬಿಡಿ. ನಕಲಿನಲ್ಲಿ ತಿದ್ದಿದ ಹತ್ತು ಚುಕ್ಕೆಗಳ ಜೊತೆ ತಿದ್ದದ ಇಡೀ ಮುಖವೂ ಇರುತ್ತದೆ. ಅದು ಮುಖದಷ್ಟೇ ದೊಡ್ಡ ತೇಪೆ. ಅದರ ಬದಲು ಖಾಲಿ ಲೇಯರ್ ಹಾಕಿ, ಹೀಲಿಂಗ್ ಬ್ರಷ್ ಹಿಡಿದು, ಮೇಲಿನ ಪಟ್ಟಿಯಲ್ಲಿ `Sample` ಎಂಬಲ್ಲಿ `Current & Below` ಆರಿಸಿ. ಈಗ ಬ್ರಷ್ ಕೆಳಗಿನ ಚರ್ಮವನ್ನು ನೋಡುತ್ತದೆ, ಆದರೆ ತೇಪೆಯನ್ನು ಖಾಲಿ ಲೇಯರ್‌ನಲ್ಲಿ ಇಡುತ್ತದೆ.

`All Layers` ಯಾಕೆ ಬೇಡ? ಮುಂದೆ ಮೇಲೆ ಬೆಳಗಿಸುವ ಕರ್ವ್ಸ್ ಹಾಕಿದ ಮೇಲೆ ಒಂದು ಮೊಡವೆ ಉಳಿದದ್ದು ಕಾಣಿಸಿ ತೇಪೆಯ ಲೇಯರ್‌ಗೆ ಮರಳುತ್ತೀರಿ ಎಂದಿಟ್ಟುಕೊಳ್ಳಿ. `All Layers` ಇದ್ದರೆ ಬ್ರಷ್ ಆಗಲೇ ಬೆಳಗಿದ ಚರ್ಮವನ್ನು ತೆಗೆದುಕೊಂಡು ಕೆಳಗೆ ಅಂಟಿಸುತ್ತದೆ. ಮೇಲಿನ ಕರ್ವ್ಸ್ ಅದನ್ನು ಇನ್ನೊಮ್ಮೆ ಬೆಳಗಿಸುತ್ತದೆ. ಎರಡು ಪಟ್ಟು ಬೆಳಕಿನ ಚುಕ್ಕೆ ಎದ್ದು ಕಾಣುತ್ತದೆ. ಸ್ಪಾಟ್ ಹೀಲಿಂಗ್ ಬ್ರಷ್‌ನಲ್ಲಿ `Sample All Layers` ಎಂಬ ಒಂದೇ ಗುರುತಿದೆ. ಹಾಗಾಗಿ ಅದನ್ನು ಬಳಸುವಾಗ ಲೇಯರ್ ಪಟ್ಟಿಯಲ್ಲಿ ಕಣ್ಣಿನ ಗುರುತು ಒತ್ತಿ ಮೇಲಿನ ಗಾಜುಗಳ ಕಣ್ಣನ್ನು ಮುಚ್ಚಿ, ಕೆಲಸ ಮುಗಿಸಿ, ಮತ್ತೆ ತೆರೆಯಿರಿ.

ತೇಪೆಗಳನ್ನು ಒಂದೇ ಲೇಯರ್‌ಗೆ ತುಂಬಬೇಡಿ. ಗ್ರಾಹಕರು ಮರಳಿ ಕೇಳುವುದು ಯಾವ ಗುಂಪಿನದು ಎಂದು ಯೋಚಿಸಿ ಹಂಚಿ. ನಾನು ಮೂರು ಮಾಡುತ್ತೇನೆ. ಮೊದಲನೆಯದರಲ್ಲಿ ಹೋಗಿಬರುವ ಗುರುತುಗಳು: ಮೊಡವೆ, ಸೊಳ್ಳೆ ಕಚ್ಚಿದ್ದು, ಒಡೆದ ತುಟಿಯ ಸಿಪ್ಪೆ. ಇವನ್ನು ಯಾರೂ ವಾಪಸ್ ಕೇಳುವುದಿಲ್ಲ. ಅದರ ಮೇಲೆ ಎರಡನೆಯದರಲ್ಲಿ ಆ ಮುಖಕ್ಕೇ ಸೇರಿದ ಗುರುತುಗಳು: ಮಚ್ಚೆ, ಬಾಲ್ಯದಲ್ಲಿ ಬಿದ್ದ ಗಾಯದ ಕಲೆ. ಮನೆಯವರು ಬಾಯಿಬಿಟ್ಟು ಹೇಳದಿದ್ದರೆ ನಾನು ಈ ಲೇಯರ್ ಅನ್ನು ಮುಟ್ಟುವುದೇ ಇಲ್ಲ. ತಾಯಿ ತಂದೆ ಇಪ್ಪತ್ತೈದು ವರ್ಷ ನೋಡಿದ ಮುಖದಲ್ಲಿ ಆ ಮಚ್ಚೆ ಇದೆ. ಹೇಳಿದರೆ, ಒಂದೊಂದು ಗುರುತಿಗೂ ಒಂದೊಂದು ಲೇಯರ್ ಇಡುತ್ತೇನೆ. ಖಾಲಿ ಲೇಯರ್‌ನ ಪುಟ್ಟ ತೇಪೆ ಕಡತಕ್ಕೆ ಭಾರವಲ್ಲ.

ಮೂರನೆಯದು ಕಣ್ಣಿನ ಕೆಳಗಿನ ಕಪ್ಪು. ಇಲ್ಲಿ ಬ್ರಷ್‌ನ ಬಲವನ್ನು ಕಡಿಮೆ ಇಟ್ಟು ಹಗುರವಾಗಿ ಒರೆಸಬೇಕೆನಿಸುತ್ತದೆ. ಹಾಗೆ ಮಾಡಿದರೆ ಆ ಹಗುರತನ ತೇಪೆಯಲ್ಲೇ ಬೆರೆತುಹೋಗುತ್ತದೆ, ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಪೂರ್ತಿ ಬಲದಲ್ಲೇ ಮುಚ್ಚಿ. ಕಣ್ಣಿನ ಕೆಳಗಿನ ಗೆರೆ ಪೂರ್ತಿ ಮಾಯವಾಗಿ ಮುಖ ಮೇಣದ ಗೊಂಬೆಯಂತೆ ಕಾಣಲಿ, ಹೆದರಬೇಡಿ. ನಂತರ ಆ ಲೇಯರ್‌ನ `Opacity` ಅನ್ನು 40 ಮತ್ತು 50ರ ನಡುವೆ ಎಲ್ಲಿಗಾದರೂ ಇಳಿಸಿ. ಗೆರೆ ಮರಳಿ ಬರುತ್ತದೆ, ದಣಿವು ಮಾತ್ರ ಕಡಿಮೆಯಾಗುತ್ತದೆ. ಅಜ್ಜಿಗೆ ಇನ್ನೂ ಕಪ್ಪು ಕಂಡರೆ 60, ವಧುವಿಗೇ ಸಹಜ ಬೇಕಿದ್ದರೆ 30. ಒಂದು ಸಂಖ್ಯೆ ಬದಲಿಸಿದರೆ ಆಯಿತು. ಕೆಲಸವನ್ನು ಅಗತ್ಯಕ್ಕಿಂತ ಹೆಚ್ಚು ಮಾಡಿ ಲೇಯರ್‌ನ ಬಲ ಇಳಿಸಿಡುವುದನ್ನು ಮುಂದೆಯೂ ಬಳಸುತ್ತೇವೆ. ಎರಡೂ ಕಡೆಗೆ ಸರಿಯಲು ಜಾಗ ಉಳಿಯುವುದು ಅದರಿಂದಲೇ.

ತೇಪೆಯ ಲೇಯರ್‌ನಲ್ಲಿ ಏನಾದರೂ ಅತಿಯಾದರೆ ಎರೇಸರ್ ತೆಗೆದುಕೊಳ್ಳಬೇಡಿ. ಆ ಲೇಯರ್‌ಗೆ ಮಾಸ್ಕ್ ಹಾಕಿ ಅಲ್ಲಿ ಕಪ್ಪು ಬಳಿಯಿರಿ. ಮಾಸ್ಕ್‌ನಲ್ಲಿ ಬಿಳಿ ಎಂದರೆ ಲೇಯರ್ ಕಾಣುತ್ತದೆ, ಕಪ್ಪು ಎಂದರೆ ಅಡಗುತ್ತದೆ, ಬೂದು ಎಂದರೆ ಅರೆಬರೆ. ಎರೇಸರ್ ಉಜ್ಜಿದ್ದು ಹೋಯಿತು. ಮಾಸ್ಕ್‌ನ ಕಪ್ಪಿನ ಮೇಲೆ ಮತ್ತೆ ಬಿಳಿ ಬಳಿದರೆ ಮರಳಿ ಬರುತ್ತದೆ.

ಈಗ ಮುಖದ ಬೆಳಕು ನೆರಳನ್ನು ಸಮಗೊಳಿಸುವ ಕೆಲಸ. ರೀಟಚ್‌ನ ಜೀವ ಇರುವುದು ಇಲ್ಲಿ. ಚರ್ಮ ಒರಟಾಗಿ ಕಾಣುವುದು ರಂಧ್ರಗಳಿಂದಲ್ಲ, ಬೆಳಕು ಅಲ್ಲಲ್ಲಿ ಸಣ್ಣ ಮಚ್ಚೆಮಚ್ಚೆಯಾಗಿ ಏರಿಳಿಯುವುದರಿಂದ. ಚರ್ಮವನ್ನು ಮಸುಕುಗೊಳಿಸಿದರೆ ಈ ಏರಿಳಿತದ ಜೊತೆ ರಂಧ್ರಗಳೂ ಹೋಗುತ್ತವೆ, ಮುಖ ಪ್ಲಾಸ್ಟಿಕ್ ಆಗುತ್ತದೆ. ಏರಿಳಿತವನ್ನು ಮಾತ್ರ ತಿದ್ದಿದರೆ ಚರ್ಮ ಚರ್ಮವಾಗಿಯೇ ಉಳಿಯುತ್ತದೆ.

ತೇಪೆಗಳ ಮೇಲೆ ಒಂದು `Curves` ಲೇಯರ್ ಹಾಕಿ, ರೇಖೆಯ ನಡುವನ್ನು ಹಿಡಿದು ಮೇಲಕ್ಕೆತ್ತಿ. `Input` 128 ಇದ್ದಲ್ಲಿ `Output` 150ರ ಸುಮಾರಿಗೆ ಬರಲಿ. ಇಡೀ ಚಿತ್ರ ಬೆಳಗುತ್ತದೆ. ಅದರ ಮಾಸ್ಕ್ ಆರಿಸಿ `Ctrl + I` ಒತ್ತಿದರೆ ಮಾಸ್ಕ್ ಕಪ್ಪಾಗಿ ಬೆಳಕೆಲ್ಲ ಅಡಗುತ್ತದೆ. ಇದು ಬೆಳಗಿಸುವ ಗಾಜು. ಇದೇ ರೀತಿ ಇನ್ನೊಂದು, ರೇಖೆಯ ನಡುವನ್ನು ಕೆಳಕ್ಕಿಳಿಸಿ `Output` 105ರ ಸುಮಾರಿಗೆ. ಇದು ಕಪ್ಪಾಗಿಸುವ ಗಾಜು. ಮೃದು ಅಂಚಿನ ಬ್ರಷ್ ಹಿಡಿದು, ಬಣ್ಣ ಬಿಳಿ ಇಟ್ಟು, `Opacity` 100ರಲ್ಲೇ ಬಿಟ್ಟು `Flow` ಅನ್ನು 2 ಅಥವಾ 3ಕ್ಕೆ ಇಳಿಸಿ. ಕೆನ್ನೆಯಲ್ಲಿ ಕಪ್ಪಾಗಿ ಕಾಣುವ ಸಣ್ಣ ಜಾಗದ ಮೇಲೆ ಬೆಳಗಿಸುವ ಗಾಜಿನ ಮಾಸ್ಕ್‌ನಲ್ಲಿ ನಾಲ್ಕೈದು ಸಲ ಸವರಿ. ಒಂದೊಂದು ಸವರಿಕೆಯಲ್ಲೂ ಏನೂ ಆಗದಂತೆ ಕಾಣಬೇಕು. ಐದನೆಯದರ ಹೊತ್ತಿಗೆ ಕಲೆ ಸುತ್ತಲಿನ ಚರ್ಮದಲ್ಲಿ ಕರಗಿರುತ್ತದೆ.

ಕಣ್ಣಿಗೆ ಈ ಏರಿಳಿತ ಸುಲಭವಾಗಿ ಕಾಣುವುದಿಲ್ಲ, ಏಕೆಂದರೆ ಬಣ್ಣ ಅಡ್ಡ ಬರುತ್ತದೆ. ಎಲ್ಲಕ್ಕಿಂತ ಮೇಲೆ ತಾತ್ಕಾಲಿಕವಾಗಿ ಒಂದು `Black & White` ಲೇಯರ್, ಅದರ ಮೇಲೆ ಚಿತ್ರವನ್ನು ಚೆನ್ನಾಗಿ ಕಪ್ಪಾಗಿಸುವ ಒಂದು ಕರ್ವ್ಸ್ ಇಟ್ಟು ನೋಡಿ. ಕೆನ್ನೆಯ ಮೇಲಿನ ಪ್ರತಿ ಮೋಡವೂ ಸ್ಪಷ್ಟವಾಗುತ್ತದೆ. ಇವೆರಡೂ ಕೆಲಸಗಾರನ ಕನ್ನಡಕ, ಚಿತ್ರದ ಭಾಗವಲ್ಲ. ಒಂದು ಗುಂಪಿನಲ್ಲಿಟ್ಟು, ಕೆಲಸ ಮುಗಿದೊಡನೆ ಕಣ್ಣು ಮುಚ್ಚಿ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕನ್ನಡಕ ತೆಗೆದು, ಇಡೀ ಮುಖ ಪರದೆಯಲ್ಲಿ ಹಿಡಿಯುವಷ್ಟು ಹಿಂದೆ ಸರಿದು ನೋಡಿ. ಹತ್ತಿರದಿಂದಲೇ ನೋಡುತ್ತಿದ್ದರೆ ಮೂಗಿನ ಬದಿಯ ನೆರಳನ್ನೂ ಕಲೆ ಎಂದು ಅಳಿಸಿಬಿಡುತ್ತೇವೆ, ಮುಖ ಚಪ್ಪಟೆಯಾಗುತ್ತದೆ.

ಈ ಕೆಲಸಕ್ಕೆ ಕೆಲವರು 50% ಬೂದು ತುಂಬಿದ ಲೇಯರ್ ಅನ್ನು `Soft Light`ನಲ್ಲಿ ಇಟ್ಟು ಅದರ ಮೇಲೆ ಬಿಳಿ, ಕಪ್ಪು ಬಳಿಯುತ್ತಾರೆ. ಅದೂ ಮೂಲ ಚಿತ್ರವನ್ನು ಕೆಡಿಸುವುದಿಲ್ಲ. ಆದರೂ ನಾನು ಕರ್ವ್ಸ್ ಕಡೆಗೇ ನಿಲ್ಲುತ್ತೇನೆ. ಬೂದು ಲೇಯರ್‌ನಲ್ಲಿ ಬೆಳಗಿಸಿದ್ದು, ಕಪ್ಪಾಗಿಸಿದ್ದು ಎರಡೂ ಒಂದೇ ಕಡೆ ಬೆರೆತಿರುತ್ತವೆ. ಕರ್ವ್ಸ್‌ನಲ್ಲಿ ಎರಡೂ ಬೇರೆ ಬೇರೆ. ಬೆಳಗಿಸಿದ್ದು ಸಾಲದಿದ್ದರೆ ಬ್ರಷ್ ಮುಟ್ಟದೆ ರೇಖೆಯನ್ನು 150ರಿಂದ 158ಕ್ಕೆ ಎತ್ತಿದರೆ ಸಾಕು, ಕೆಲಸ ಮಾಡಿದ ಅಷ್ಟೂ ಜಾಗ ಒಟ್ಟಿಗೆ ಬೆಳಗುತ್ತದೆ. ಎರಡು ಗಂಟೆಯ ಸವರಿಕೆ ಮಾಸ್ಕ್‌ನಲ್ಲಿ ಹಾಗೆಯೇ ಇರುತ್ತದೆ.

ಕಂದು ಮೈಬಣ್ಣದಲ್ಲಿ ಒಂದು ತೊಂದರೆ ಬೇಗ ಕಾಣುತ್ತದೆ. ಕರ್ವ್ಸ್‌ನಿಂದ ಕಪ್ಪಾಗಿಸಿದ ಕಡೆ ಬಣ್ಣವೂ ಗಾಢವಾಗಿ ಚರ್ಮ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಆಗ ಆ ಕರ್ವ್ಸ್ ಮೇಲೆ ಒಂದು `Hue/Saturation` ಹಾಕಿ, ಎರಡರ ನಡುವಿನ ಗೆರೆಯ ಮೇಲೆ `Alt` ಹಿಡಿದು ಒತ್ತಿದರೆ ಅದು ಕೆಳಗಿನದಕ್ಕೆ ಮಾತ್ರ ಅಂಟಿಕೊಳ್ಳುತ್ತದೆ. `Saturation` ಅನ್ನು ಕೆಂಪು ಹೋಗುವವರೆಗೆ ಸ್ವಲ್ಪ ಸ್ವಲ್ಪ ಇಳಿಸಿ. ಕರ್ವ್ಸ್ ಅನ್ನೇ `Luminosity`ಗೆ ಬದಲಿಸುವುದು ಇನ್ನೊಂದು ದಾರಿ. ಎರಡನ್ನೂ ನೋಡಿ, ಆ ಮುಖಕ್ಕೆ ಹೊಂದುವುದನ್ನು ಇಟ್ಟುಕೊಳ್ಳಿ.

ಮಾಸ್ಕ್ ಬಳಿದದ್ದು ಒರಟಾಗಿದ್ದರೆ ಅದರ ಮೇಲೆ `Gaussian Blur` ಓಡಿಸಬೇಡಿ. ಮಾಸ್ಕ್ ಆರಿಸಿದಾಗ `Properties` ಫಲಕದಲ್ಲಿ `Feather` ಮತ್ತು `Density` ಎಂಬ ಎರಡು ಜಾರುಗುಂಡಿಗಳಿವೆ. `Feather` ಅಂಚನ್ನು ಮೃದುಗೊಳಿಸುತ್ತದೆ, ಸೊನ್ನೆಗೆ ತಂದರೆ ಅಂಚು ಮತ್ತೆ ಹಳೆಯದೇ. `Density` ಮಾಸ್ಕ್‌ನ ಕಪ್ಪನ್ನು ತಿಳಿಗೊಳಿಸುತ್ತದೆ. ಎಲ್ಲಿ ಬಳಿದಿದ್ದೀರಿ ಎಂದು ಮರೆತರೆ ಮಾಸ್ಕ್‌ನ ಪುಟ್ಟ ಚಿತ್ರದ ಮೇಲೆ `Alt` ಹಿಡಿದು ಒತ್ತಿ, ಮಾಸ್ಕ್ ಒಂದೇ ಪರದೆ ತುಂಬ ಕಾಣುತ್ತದೆ. `Shift` ಹಿಡಿದು ಒತ್ತಿದರೆ ಮಾಸ್ಕ್ ತಾತ್ಕಾಲಿಕವಾಗಿ ನಿಲ್ಲುತ್ತದೆ.

ಬೆಳಕಿನ ಗಾಜುಗಳ ಮೇಲೆ ಬಣ್ಣದ ಗಾಜುಗಳು ಬರುತ್ತವೆ. ಅರಿಶಿನದ ಹಳದಿಗೆ ಒಂದು `Hue/Saturation` ಹಾಕಿ, `Master` ಇರುವ ಕಡೆ `Yellows` ಆರಿಸಿ, ಕೊಳವೆಯ ಗುರುತಿನಿಂದ ಕತ್ತಿನ ಹಳದಿ ಜಾಗವನ್ನು ಒತ್ತಿ. ಸರಿಯಾದ ಬಣ್ಣವೇ ಸಿಕ್ಕಿದೆಯೇ ಎಂದು ತಿಳಿಯಲು `Hue` ಗುಂಡಿಯನ್ನು ಪೂರ್ತಿ ಒಂದು ತುದಿಗೆ ಎಳೆಯಿರಿ. ಅರಿಶಿನ ಇದ್ದ ಕಡೆ ಮಾತ್ರ ವಿಕಾರ ಬಣ್ಣ ಬಂದರೆ ಸರಿ. ಚಿನ್ನದ ಒಡವೆ, ಸೀರೆಯ ಜರಿ ಕೂಡ ಬದಲಾಗುವುದು ಖಂಡಿತ, ಏಕೆಂದರೆ ಅವೂ ಹಳದಿಯೇ. ಅದಕ್ಕಾಗಿಯೇ ಮಾಸ್ಕ್. ಗುಂಡಿಯನ್ನು ಮರಳಿ ತಂದು `Hue` −6, `Saturation` −20ರ ಹತ್ತಿರ ನಿಲ್ಲಿಸಿ, ಮಾಸ್ಕ್ ಕಪ್ಪು ಮಾಡಿ, ಕೆನ್ನೆಯ ಅಂಚು, ಕಿವಿ, ಕತ್ತಿನಲ್ಲಿ ಮಾತ್ರ ಬಿಳಿ ಬಳಿಯಿರಿ. ಅರಿಶಿನವನ್ನು ಪೂರ್ತಿ ಅಳಿಸಬೇಡಿ. ಮದುವೆಯ ಬೆಳಗಿನ ಮುಖದಲ್ಲಿ ಅದರ ಛಾಯೆ ಇರಲೇಬೇಕು. ಸೀರೆಯ ಕೆಂಪು ಬಿದ್ದ ಗದ್ದಕ್ಕೆ `Reds` ಆರಿಸಿ ಇನ್ನೊಂದು ಲೇಯರ್. ಎರಡನ್ನೂ ಒಂದರಲ್ಲೇ ಮುಗಿಸಬಹುದಿತ್ತು, ಆದರೆ ಆಗ ಅವುಗಳಿಗೆ ಒಂದೇ ಮಾಸ್ಕ್ ಇರುತ್ತದೆ.

ಕೊನೆಗೆ ‘ಬೆಳ್ಳಗೆ ಮಾಡಿ’ ಎಂಬ ಬೇಡಿಕೆ. ಅದನ್ನು ಯಾವ ಲೇಯರ್‌ನೊಳಗೂ ಬೆರೆಸಬೇಡಿ. ಎಲ್ಲಕ್ಕಿಂತ ಮೇಲೆ ಪ್ರತ್ಯೇಕ ಕರ್ವ್ಸ್ ಇಡಿ, ಮುಖಕ್ಕೆ ಮಾತ್ರವಲ್ಲದೆ ಕತ್ತು, ಕೈಗಳಿಗೂ ಮಾಸ್ಕ್ ಬಳಿಯಿರಿ. ಮುಖ ಮಾತ್ರ ಬೆಳಗಿ ಕೈ ಹಾಗೆಯೇ ಉಳಿದ ಆಲ್ಬಮ್‌ಗಳನ್ನು ನೋಡಿದಾಗಲೆಲ್ಲ ನನಗೆ ಆ ಹುಡುಗಿಯ ಬಗ್ಗೆ ನೋವಾಗುತ್ತದೆ. ಅವಳ ಮೈಬಣ್ಣ ಒಂದು ದೋಷವೆಂದು ಪುಟ ಪುಟದಲ್ಲಿ ಬರೆದಿಟ್ಟ ಹಾಗೆ ಅದು. ನಾನು ಈ ಲೇಯರ್‌ನ `Opacity` ಅನ್ನು 30ರಲ್ಲಿ ಇಟ್ಟು ತೋರಿಸುತ್ತೇನೆ. ಗ್ರಾಹಕರ ಎದುರಿಗೇ ಅದರ ಕಣ್ಣು ತೆರೆದು ಮುಚ್ಚಿ ತೋರಿಸಿದಾಗ ಹೆಚ್ಚಿನವರು ಇಲ್ಲದಿರುವುದನ್ನೇ ಆರಿಸುತ್ತಾರೆ.

ಫ್ರೀಕ್ವೆನ್ಸಿ ಸೆಪರೇಶನ್ ಬಗ್ಗೆ ನೀವು ಕೇಳಿಲ್ಲ, ಆದರೆ ಬಳಸುತ್ತಿರಬಹುದು ಎಂಬ ಅನುಮಾನ ನನಗಿದೆ. ಚರ್ಮದ ವಿನ್ಯಾಸವನ್ನು ಒಂದು ಲೇಯರ್‌ಗೆ, ಬಣ್ಣವನ್ನು ಇನ್ನೊಂದಕ್ಕೆ ಬೇರ್ಪಡಿಸುವ ಆ ವಿಧಾನ ಕೆಟ್ಟದ್ದೇನಲ್ಲ. ಆದರೆ ಅದು ಮಾಡುವುದು ಇಡೀ ಮುಖದಷ್ಟು ದೊಡ್ಡ ಎರಡು ತೇಪೆಗಳನ್ನು. ಅವು ಹುಟ್ಟಿದ ಕ್ಷಣದ ಚಿತ್ರ ಅವುಗಳಲ್ಲಿ ಹೆಪ್ಪುಗಟ್ಟಿರುತ್ತದೆ. ಆಮೇಲೆ ಅವುಗಳ ಕೆಳಗಿನ ಮಚ್ಚೆಯ ಲೇಯರ್‌ನ ಕಣ್ಣು ಮುಚ್ಚಿದರೂ ತೆರೆದರೂ ಮೇಲೆ ಏನೂ ಬದಲಾಗುವುದಿಲ್ಲ. ಎಲ್ಲ ಲೇಯರ್‌ಗಳನ್ನು ಒಂದಾಗಿ ಅಚ್ಚೊತ್ತುವ `Ctrl + Alt + Shift + E` ಕೂಡ ಇದೇ ಮಾಡುತ್ತದೆ. ‘ಮತ್ತೆ ಕೇಳುತ್ತಾರೆ’ ಎಂದು ಗೊತ್ತಿರುವ ಚಿತ್ರದಲ್ಲಿ ಇವೆರಡನ್ನೂ ನಾನು ಬಳಸುವುದಿಲ್ಲ.

ಲಿಕ್ವಿಫೈ ಬೇಕಾದರೆ, ಅಂದರೆ ಉಬ್ಬಿದ ರವಿಕೆಯ ತೋಳು ಅಥವಾ ಗಾಳಿಗೆ ಎದ್ದ ಕೂದಲು ಸರಿಪಡಿಸಬೇಕಾದರೆ, ಅದು ಎಲ್ಲದರ ನಂತರ. ಲಿಕ್ವಿಫೈ ಚಿತ್ರವನ್ನು ಪಕ್ಕಕ್ಕೆ ಸರಿಸುತ್ತದೆ. ಕೆಳಗಿನದು ಮಾತ್ರ ಸರಿದರೆ ಮೇಲಿನ ತೇಪೆ, ಮಾಸ್ಕ್‌ಗಳು ಹಳೆಯ ಜಾಗದಲ್ಲೇ ನಿಲ್ಲುತ್ತವೆ. ಎಲ್ಲ ಲೇಯರ್‌ಗಳನ್ನೂ ಆರಿಸಿ `Convert to Smart Object` ಕೊಟ್ಟು, ಆ ಮೂಟೆಯ ಮೇಲೆ `Liquify` ಹಾಕಿ. ಅದು ಸ್ಮಾರ್ಟ್ ಫಿಲ್ಟರ್ ಆಗಿ ಕೂರುತ್ತದೆ, ಯಾವಾಗ ಬೇಕಾದರೂ ತೆರೆದು ಬದಲಿಸಬಹುದು. ಮೂಟೆಯ ಪುಟ್ಟ ಚಿತ್ರವನ್ನು ಎರಡು ಬಾರಿ ಒತ್ತಿದರೆ ಒಳಗಿನ ಲೇಯರ್‌ಗಳೆಲ್ಲ ಬೇರೆ ಕಿಟಕಿಯಲ್ಲಿ ತೆರೆಯುತ್ತವೆ. ತಿದ್ದಿ `Ctrl + S` ಒತ್ತಿ ಮುಚ್ಚಿದರೆ ಹೊರಗಿನದು ತಾನೇ ಹೊಸದಾಗುತ್ತದೆ.

ಇಷ್ಟಾದ ಮೇಲೆ ಕಡತ ನಿಜವಾಗಿಯೂ ತಿದ್ದಲು ಬರುವಂತಿದೆಯೇ ಎಂದು ಪರೀಕ್ಷಿಸಲು ಒಂದು ಉಪಾಯವಿದೆ, ಒಂದು ನಿಮಿಷವೂ ಹಿಡಿಯುವುದಿಲ್ಲ. ಮೂಲ ಚಿತ್ರದ ಮೇಲೆ, ತೇಪೆಗಳ ಕೆಳಗೆ ಒಂದು ಕರ್ವ್ಸ್ ಹಾಕಿ ಚಿತ್ರವನ್ನು ಬಹಳ ಕಪ್ಪು ಮಾಡಿ. ತೇಪೆಗಳು ಮಾತ್ರ ಕಪ್ಪಾಗದೆ ನಕ್ಷತ್ರಗಳಂತೆ ಹೊಳೆಯುತ್ತವೆ. ಹಣೆಯಲ್ಲಿ ನಾಲ್ಕಾರು ಚುಕ್ಕೆ, ತುಟಿಯ ಕೆಳಗೆ ಒಂದು, ಕಣ್ಣಿನ ಕೆಳಗೆ ಎರಡು ಮಂಕು ಪಟ್ಟಿ ಕಂಡರೆ ಎಲ್ಲವೂ ಸರಿ. ಇಡೀ ಕೆನ್ನೆ ಅಥವಾ ಇಡೀ ಮುಖ ಬೆಳಗಿಯೇ ನಿಂತರೆ ಎಲ್ಲೋ ಒಂದು ದೊಡ್ಡ ತೇಪೆ ಸೇರಿಕೊಂಡಿದೆ. ಅದನ್ನು ಹುಡುಕಿ ತೆಗೆದು, ಪರೀಕ್ಷೆಯ ಕರ್ವ್ಸ್ ಅನ್ನೂ ಅಳಿಸಿ.

ಈಗ ಪ್ರೂಫ್ ನೋಡಿ ಮನೆಯವರು ಬಂದಿದ್ದಾರೆ ಎಂದುಕೊಳ್ಳಿ. ‘ಮಚ್ಚೆ ಬೇಕು’: ಮಚ್ಚೆಯ ಲೇಯರ್‌ನ ಕಣ್ಣು ಮುಚ್ಚುತ್ತೀರಿ. ಮೇಲಿನ ಗಾಜುಗಳು ಮಚ್ಚೆಯ ಮೇಲೂ ಕೆಲಸ ಮಾಡುವುದರಿಂದ ಅದು ಸುತ್ತಲಿನ ಚರ್ಮಕ್ಕೆ ಹೊಂದಿಕೊಂಡೇ ಬರುತ್ತದೆ. ‘ಇಷ್ಟು ಬೆಳ್ಳಗೆ ಬೇಡ’: ಕೊನೆಯ ಕರ್ವ್ಸ್ ಅನ್ನು 30ರಿಂದ 10ಕ್ಕೆ ಇಳಿಸುತ್ತೀರಿ. ‘ಚಿತ್ರವೆಲ್ಲ ಸ್ವಲ್ಪ ಬೆಚ್ಚಗಿನ ಬಣ್ಣದಲ್ಲಿರಲಿ’ ಎಂದರೆ ಕೈ ರಾ ಕಡೆಗೆ ಓಡುತ್ತದೆ, ತಡೆಯಿರಿ. ಮೇಲೆ ಒಂದು `Photo Filter` ಅಥವಾ `Color Balance` ಲೇಯರ್ ಹಾಕಿ. ತೇಪೆ, ಚರ್ಮ ಎರಡೂ ಒಟ್ಟಿಗೆ ಬೆಚ್ಚಗಾಗುತ್ತವೆ.

ಕಡತದ ತೂಕದ ಮಾತು. 6000×4000 ಚಿತ್ರ 8 ಬಿಟ್‌ನಲ್ಲಿ ತೆರೆದಾಗ 72 ಎಂಬಿ, 16 ಬಿಟ್‌ನಲ್ಲಿ 144 ಎಂಬಿ. ಪ್ರತಿ `Ctrl + J` ನಕಲಿಗೂ ಅಷ್ಟೇ ಸೇರುತ್ತದೆ. ನಾವು ಮಾಡಿದ ಹಾಗೆ ಖಾಲಿ ಲೇಯರ್ ಮತ್ತು ಗಾಜುಗಳಿಂದ ಕಟ್ಟಿದ ಕಡತ ನಕಲುಗಳ ಕಡತಕ್ಕಿಂತ ಬಹಳ ಹಗುರ. ಪಿಎಸ್‌ಡಿಯ ಮಿತಿ 2 ಜಿಬಿ, ದಾಟಿದರೆ ಪಿಎಸ್‌ಬಿ ಎಂದು ಉಳಿಸಬೇಕು. ಕ್ರಾಪ್ ಮಾಡುವಾಗ `Delete Cropped Pixels` ಗುರುತನ್ನು ತೆಗೆದಿಡಿ. ಶಾರ್ಪನ್ ಅನ್ನು ಮೂಲ ಪಿಎಸ್‌ಡಿಯಲ್ಲಿ ಮಾಡದೆ, ಮುದ್ರಣದ ಅಳತೆಗೆ ಇಳಿಸಿದ ಪ್ರತಿಯಲ್ಲಿ ಮಾಡಿ. 12×36 ಹಾಳೆಗೆ ಚಿತ್ರ ತರುವಾಗ ಜೆಪೆಗ್ ಎಳೆದು ಹಾಕುವ ಬದಲು `File > Place Linked` ಮೂಲಕ ಪಿಎಸ್‌ಡಿಯನ್ನೇ ಜೋಡಿಸಿ. ಮುಖ ತಿದ್ದಿ ಉಳಿಸಿದ ಮೇಲೆ ಹಾಳೆಯಲ್ಲಿ ಆ ಲೇಯರ್ ಮೇಲೆ ಬಲಗುಂಡಿ ಒತ್ತಿ `Update Modified Content` ಕೊಟ್ಟರೆ ಹೊಸ ಮುಖ ಬರುತ್ತದೆ, ಹಾಳೆಯ ವಿನ್ಯಾಸ ಅಲುಗಾಡುವುದಿಲ್ಲ. ಜೋಡಿಸಿದ ಪಿಎಸ್‌ಡಿಯನ್ನು ಬೇರೆ ಫೋಲ್ಡರ್‌ಗೆ ಸರಿಸಿದರೆ ಮಾತ್ರ ಕೊಂಡಿ ಕಳಚುತ್ತದೆ, ಎಚ್ಚರ.

ಈಗಾಗಲೇ ಹಳೆಯ ರೀತಿಯಲ್ಲಿ ಮುಗಿಸಿ ಒಂದೇ ಲೇಯರ್ ಉಳಿದಿರುವ ಚಿತ್ರಗಳನ್ನೂ ಪೂರ್ತಿ ಕೈಬಿಡಬೇಕಾಗಿಲ್ಲ. ರಾ ನಿಮ್ಮ ಬಳಿ ಇದ್ದರೆ ಅದೇ ಅಳತೆಗೆ ತೆರೆದು, ತಿದ್ದಿದ ಜೆಪೆಗ್ ಅನ್ನು `Shift` ಹಿಡಿದು ಅದರ ಮೇಲೆ ಎಳೆದು ಹಾಕಿ. ಕ್ರಾಪ್ ಆಗದಿದ್ದರೆ ಎರಡೂ ಕರಾರುವಾಕ್ಕಾಗಿ ಒಂದರ ಮೇಲೊಂದು ಕೂರುತ್ತವೆ. ಮೇಲಿನ ಜೆಪೆಗ್‌ಗೆ ಬಿಳಿ ಮಾಸ್ಕ್ ಹಾಕಿ, ಮಚ್ಚೆಯ ಜಾಗದಲ್ಲಿ ಸಣ್ಣ ಮೃದು ಬ್ರಷ್‌ನಿಂದ ಕಪ್ಪು ಬಳಿಯಿರಿ, ಕೆಳಗಿನ ಮಚ್ಚೆ ಕಾಣುತ್ತದೆ. ಅದರ ಸುತ್ತ ಚರ್ಮದ ಬಣ್ಣ ಹೊಂದದಿದ್ದರೆ ಎರಡು ಲೇಯರ್‌ಗಳ ನಡುವೆ ಒಂದು ಕರ್ವ್ಸ್ ಇಟ್ಟು ರಾ ಚಿತ್ರವನ್ನು ಜೆಪೆಗ್‌ನ ಬಣ್ಣಕ್ಕೆ ತನ್ನಿ. ಪ್ರೂಫ್‌ನಲ್ಲಿ ಮಚ್ಚೆ ಕಾಣದೆ ಬಂದ ಮನೆಯವರಿಗೆ ಇದನ್ನು ಅಲ್ಲಿಯೇ ಕೂರಿಸಿಕೊಂಡು ಮಾಡಿಕೊಡಬಹುದು.